ಹೋದ ವಾರ 40, ಈ ವಾರ 36: ಹುಡುಗಿ ಮುಂದೆ ಹೋಗ್ತಿದ್ದಾಳಾ, ಹಿಂದೆಯಾ?

ಒಬ್ಬ ತಾಯಿ ಮಗಳ ಹದಿನಾರು ವಾರದ ಅಂಕಗಳನ್ನು ಬರೆದುಕೊಂಡು ಬಂದಿದ್ದರು. ಗಣಿತದ ವಾರದ ಟೆಸ್ಟ್, 50 ಅಂಕಕ್ಕೆ. "ಸರ್, ತಿಂಗಳ ಹಿಂದೆ 40 ತೆಗೆದಿದ್ದಳು. ಈಗ 36ಕ್ಕೆ ಬಂದಿದೆ. ಒಂದು ವಾರ ನೋಡಿ ಹೇಳಬಾರದು ಅಂತ ನಾಲ್ಕು ವಾರದ ಸರಾಸರಿ ಹಾಕಿ ನೋಡಿದೆ. ಅದೂ ಇಳಿದಿದೆ. ಓದು ಕಡಿಮೆ ಆಗಿದೆ ಅಲ್ವಾ?"

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. 9ರಿಂದ 12ನೇ ವಾರದ ಸರಾಸರಿ 37.75 ಇತ್ತು. 13ರಿಂದ 16ನೇ ವಾರದ್ದು 36.5. ಇಳಿದಿರುವುದು ನಿಜ. ಆದರೆ ಆ ಹುಡುಗಿ ಅದೇ ನಾಲ್ಕು ವಾರಗಳಲ್ಲಿ ಮೊದಲ ಸಲ ನಿಜವಾಗಿ ಮೇಲೆ ಹೋಗಿದ್ದಳು. ಅದಕ್ಕೂ ಮುಂಚೆ, ಮನೆಯವರೆಲ್ಲ ಖುಷಿಪಟ್ಟ ಹನ್ನೆರಡು ವಾರಗಳಲ್ಲಿ, ಅವಳು ಹೆಚ್ಚು ಕಡಿಮೆ ಇದ್ದಲ್ಲೇ ಇದ್ದಳು. ಸರಾಸರಿ ಸರಿ ಇದ್ದೂ ತೀರ್ಮಾನ ತಿರುಗಾಮುರುಗಾ ಆಗಿದ್ದು ಹೇಗೆ ಎಂದು ಅವಳ ಅಂಕಗಳನ್ನೇ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಹಂತ 1: ಅಂಕದ ಪಕ್ಕದಲ್ಲಿ ತರಗತಿಯ ಮಧ್ಯಾಂಕ ಬರೆಯಿರಿ

ಚಲಿಸುವ ಸರಾಸರಿ, ಅಂದರೆ ಮೂವಿಂಗ್ ಆವರೇಜ್, ಮಾಡುವುದು ಇಷ್ಟೇ: ಇತ್ತೀಚಿನ ನಾಲ್ಕು ಟೆಸ್ಟುಗಳ ಸರಾಸರಿ ತೆಗೆಯುವುದು, ಮುಂದಿನ ವಾರ ಹೊಸದೊಂದನ್ನು ಸೇರಿಸಿ ಹಳೆಯದೊಂದನ್ನು ಬಿಡುವುದು. ಒಂದು ದಿನದ ತಲೆನೋವು, ಗೊತ್ತಿದ್ದ ಲೆಕ್ಕವೇ ಬಂದ ಅದೃಷ್ಟ, ಅವಸರದಲ್ಲಿ ಬಿಟ್ಟುಹೋದ ಪುಟ, ಇಂಥ ಏರಿಳಿತಗಳನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಪ್ರಶ್ನೆಪತ್ರಿಕೆಗಳೇ ಸತತ ನಾಲ್ಕು ವಾರ ಸುಲಭವಾಗಿ ಬಂದರೆ ಅದನ್ನು ತಗ್ಗಿಸುವ ಶಕ್ತಿ ಸರಾಸರಿಗೆ ಇಲ್ಲ. ಪಾಠ ಸುಲಭದ್ದಾಗಿದ್ದರೆ ಪತ್ರಿಕೆಗಳೂ ಸಾಲಾಗಿ ಸುಲಭವಾಗಿಯೇ ಬರುತ್ತವೆ. ಆಗ ಸರಾಸರಿ ಪತ್ರಿಕೆಯನ್ನು ಅಳೆಯುತ್ತಿರುತ್ತದೆ, ಹುಡುಗಿಯನ್ನಲ್ಲ.

ಇದಕ್ಕೆ ಪರಿಹಾರ, ಅದೇ ಪತ್ರಿಕೆಯನ್ನು ಬರೆದ ಉಳಿದವರಿಗೆ ಎಷ್ಟು ಬಂತು ಎಂದು ನೋಡುವುದು. ಎಲ್ಲರ ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕವೇ ಮಧ್ಯಾಂಕ. ತರಗತಿಯ ಸರಾಸರಿಗಿಂತ ಇದೇ ವಾಸಿ. ಇಬ್ಬರು ಮೂವರು ಖಾಲಿ ಹಾಳೆ ಕೊಟ್ಟು ಎದ್ದುಹೋದರೆ ಸರಾಸರಿ ಕುಸಿಯುತ್ತದೆ, ಮಧ್ಯಾಂಕ ಅಷ್ಟಾಗಿ ಅಲ್ಲಾಡುವುದಿಲ್ಲ. ಟೆಸ್ಟ್ ನಡೆಸಿದವರನ್ನು ಕೇಳಿದರೆ ಈ ಒಂದು ಸಂಖ್ಯೆ ಸಿಗುತ್ತದೆ. ಬೇರೆ ಮಕ್ಕಳ ಹೆಸರು, ಅಂಕ ಯಾವುದೂ ಬೇಕಿಲ್ಲ.

ಅವಳ ಅಂಕದಿಂದ ಮಧ್ಯಾಂಕವನ್ನು ಕಳೆಯಿರಿ. ಬರುವುದನ್ನು ಅಂತರ ಎಂದು ಕರೆಯೋಣ. ಕೊನೆಯ ಕಾಲಂನಲ್ಲಿ ಇರುವುದು ಅಂತರದ ನಾಲ್ಕು ವಾರದ ಚಲಿಸುವ ಸರಾಸರಿ.

| ವಾರ | ಅಂಕ | ಮಧ್ಯಾಂಕ | ಅಂತರ | 4 ವಾರದ ಸರಾಸರಿ |
|---|---|---|---|---|
| 1 | 28 | 30 | -2 | |
| 2 | 33 | 31 | 2 | |
| 3 | 22 | 26 | -4 | |
| 4 | 30 | 31 | -1 | -1.25 |
| 5 | 35 | 36 | -1 | -1 |
| 6 | 27 | 29 | -2 | -2 |
| 7 | 36 | 35 | 1 | -0.75 |
| 8 | 31 | 33 | -2 | -1 |
| 9 | 38 | 38 | 0 | -0.75 |
| 10 | 34 | 33 | 1 | 0 |
| 11 | 39 | 40 | -1 | -0.5 |
| 12 | 40 | 39 | 1 | 0.25 |
| 13 | 37 | 34 | 3 | 1 |
| 14 | 33 | 31 | 2 | 1.25 |
| 15 | 40 | 35 | 5 | 2.75 |
| 16 | 36 | 32 | 4 | 3.5 |

ಎರಡನೇ ಕಾಲಂ ಮಾತ್ರ ನೋಡಿದರೆ, ಮೊದಲ ನಾಲ್ಕು ವಾರದ ಸರಾಸರಿ 28.25. ಮೂರನೇ ನಾಲ್ಕು ವಾರದ್ದು 37.75. ಒಂಬತ್ತೂವರೆ ಅಂಕದ ಏರಿಕೆ! ಮನೆಯಲ್ಲಿ ಸಂಭ್ರಮ ಆಗಿದ್ದು ಸಹಜವೇ. ಆದರೆ ಅದೇ ಅವಧಿಯಲ್ಲಿ ಮಧ್ಯಾಂಕವೂ ಸರಾಸರಿ 29.5ರಿಂದ 37.5ಕ್ಕೆ ಹೋಗಿದೆ. ಅವಳಿಗೆ ಅಂತ ಸಿಕ್ಕಿದ್ದು ಒಂದೂವರೆ ಅಂಕ. ಆಮೇಲೆ ಪತ್ರಿಕೆ ಕಷ್ಟವಾಯಿತು. ಮಧ್ಯಾಂಕ 33ಕ್ಕೆ ಇಳಿಯಿತು. ಅವಳು ಇಳಿದಿದ್ದು ಒಂದೂಕಾಲು ಅಂಕ ಮಾತ್ರ. ತಾಯಿ ಇಳಿಕೆ ಎಂದು ನೋಡಿದ್ದು ಇದನ್ನೇ.

ಒಂದೊಂದು ಟೆಸ್ಟ್ ಒಂದೊಂದು ಒಟ್ಟು ಅಂಕಕ್ಕೆ ಇದ್ದರೆ, ಕಳೆಯುವ ಮುಂಚೆ ಎರಡನ್ನೂ ಶೇಕಡಾಕ್ಕೆ ಬದಲಿಸಿಕೊಳ್ಳಿ. 20ಕ್ಕೆ ಬರೆದ ಟೆಸ್ಟಿನ ಅಂತರವನ್ನೂ 50ಕ್ಕೆ ಬರೆದದ್ದರ ಅಂತರವನ್ನೂ ಹಾಗೇ ಕೂಡಬಾರದು.

ಹಂತ 2: ಎಷ್ಟು ವಾರದ ಸರಾಸರಿ?

ನಾಲ್ಕು ವಾರ ಎಂದೆ. ಅದೇನೂ ಶಾಸನವಲ್ಲ, ಒಂದು ಹೊಂದಾಣಿಕೆ. ನಾಲ್ಕು ಟೆಸ್ಟುಗಳ ಸರಾಸರಿ ತೆಗೆದರೆ ಅದೃಷ್ಟದ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಮೂರನೇ ಒಂದು ಪಾಲಿಗೆ ಇಳಿಸಬೇಕಾದರೆ ಒಂಬತ್ತು ಟೆಸ್ಟು ಬೇಕು. ಕಾರಣ, ಏರಿಳಿತ ಕಡಿಮೆಯಾಗುವುದು ಟೆಸ್ಟುಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. ಜಾಸ್ತಿ ವಾರ ಸೇರಿಸಿದಷ್ಟೂ ಸುದ್ದಿ ತಡವಾಗಿ ಬರುತ್ತದೆ. ನಾಲ್ಕು ವಾರದ ಸರಾಸರಿ ತೋರಿಸುವುದು ಒಂದೂವರೆ ವಾರ ಹಿಂದಿನ ಸ್ಥಿತಿಯನ್ನು. ಒಂಬತ್ತು ವಾರದ್ದಾದರೆ ನಾಲ್ಕು ವಾರ ಹಿಂದಿನದನ್ನು. ಅಷ್ಟರಲ್ಲಿ ಒಂದು ಪಾಠವೇ ಮುಗಿದಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಟೆಸ್ಟುಗಳು ಸರದಿಯಲ್ಲಿ ಬರುತ್ತಿದ್ದರೆ, ಅಂದರೆ ಒಂದು ವಾರ ಭೌತಶಾಸ್ತ್ರ, ಮುಂದಿನ ವಾರ ರಸಾಯನಶಾಸ್ತ್ರ, ಆಮೇಲೆ ಗಣಿತ, ಹೀಗಿದ್ದರೆ ನಾಲ್ಕು ವಾರದ ಸರಾಸರಿ ಬೇಡ. ನಾಲ್ಕರಲ್ಲಿ ಒಂದು ವಿಷಯ ಎರಡು ಸಲ ಬರುತ್ತದೆ. ಯಾವ ವಿಷಯ ಎರಡು ಸಲ ಬಂತು ಎನ್ನುವುದರ ಮೇಲೆ ಸರಾಸರಿ ಸುಮ್ನೆ ಮೇಲೆ ಕೆಳಗೆ ಆಡುತ್ತದೆ. ಮೂರು ವಿಷಯದ ಸರದಿಗೆ ಮೂರು ಅಥವಾ ಆರು ವಾರ ಇಟ್ಟುಕೊಳ್ಳಿ. ಸಾಕಷ್ಟು ಟೆಸ್ಟುಗಳಿದ್ದರೆ ವಿಷಯಕ್ಕೊಂದು ಪಟ್ಟಿ ಮಾಡುವುದು ಇನ್ನೂ ಒಳ್ಳೆಯದು.

ತಪ್ಪಿಸಿಕೊಂಡ ಟೆಸ್ಟಿಗೆ ಸೊನ್ನೆ ಹಾಕಬೇಡಿ. ಖಾಲಿ ಬಿಡಿ. ನಾಲ್ಕು ವಾರದಲ್ಲಿ ಕನಿಷ್ಠ ಮೂರು ಟೆಸ್ಟ್ ಬರೆದಿದ್ದರೆ ಮಾತ್ರ ಸರಾಸರಿ ತೆಗೆಯಿರಿ.

ಹಂತ 3: ಗೆರೆ ಏರಿದ ತಕ್ಷಣ ನಂಬಬೇಡಿ

ಎಲ್ಲರೂ ಎಡವುವುದು ಇಲ್ಲೇ. ಪಟ್ಟಿಯಲ್ಲಿ 6 ಮತ್ತು 7ನೇ ವಾರದ ಕೊನೆಯ ಕಾಲಂ ನೋಡಿ. ಸರಾಸರಿ -2 ಇದ್ದದ್ದು -0.75ಕ್ಕೆ ಏರಿದೆ. ಗ್ರಾಫ್ ಹಾಕಿದರೆ ಎದ್ದು ಕಾಣುವ ಏರಿಕೆ. 7ನೇ ವಾರದಲ್ಲಿ ಏನೋ ಬದಲಾಯಿತು ಅನಿಸುತ್ತದೆ.

ಬದಲಾಗಿದ್ದು ಏನೆಂದರೆ, 3ನೇ ವಾರದ -4 ಪಟ್ಟಿಯಿಂದ ಹೊರಗೆ ಹೋಯಿತು. ಚಲಿಸುವ ಸರಾಸರಿ ಒಂದು ವಾರದಿಂದ ಇನ್ನೊಂದು ವಾರಕ್ಕೆ ಎಷ್ಟು ಅಲ್ಲಾಡುತ್ತದೆ ಎನ್ನುವುದನ್ನು ಎರಡೇ ಸಂಖ್ಯೆಗಳು ನಿರ್ಧರಿಸುತ್ತವೆ: ಒಳಗೆ ಬಂದದ್ದು, ಹೊರಗೆ ಹೋದದ್ದು. ಅವೆರಡರ ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿದರೆ ಆಯಿತು. ಇಲ್ಲಿ 1 ಒಳಗೆ ಬಂತು, -4 ಹೊರಗೆ ಹೋಯಿತು. ವ್ಯತ್ಯಾಸ 5, ಅದರ ಕಾಲುಭಾಗ 1.25. ಅವಳು 7ನೇ ವಾರ ಎಂದಿನಂತೆ -1 ತೆಗೆದಿದ್ದರೂ ಸರಾಸರಿ ಮುಕ್ಕಾಲು ಅಂಕ ಏರುತ್ತಿತ್ತು. ತಿಂಗಳ ಹಿಂದಿನ ಕೆಟ್ಟ ದಿನವೊಂದು ಲೆಕ್ಕದಿಂದ ಜಾರಿದ್ದನ್ನು ನಾವು ಈ ವಾರದ ಪ್ರಗತಿ ಎಂದುಕೊಳ್ಳುತ್ತೇವೆ. ಹಾಗಾಗಿ ಸರಾಸರಿ ಏರಿದಾಗ ಮೊದಲು ಕೇಳಬೇಕಾದ್ದು, ಹೊರಗೆ ಹೋದ ಅಂಕ ಯಾವುದು ಎಂದು.

ಇನ್ನೊಂದು ತೊಂದರೆಯೂ ಇದಕ್ಕೆ ಅಂಟಿಕೊಂಡಿದೆ. ಪಕ್ಕಪಕ್ಕದ ಎರಡು ಸರಾಸರಿಗಳಲ್ಲಿ ನಾಲ್ಕಕ್ಕೆ ಮೂರು ಅಂಕಗಳು ಒಂದೇ. ಅವು ಹತ್ತಿರ ಹತ್ತಿರ ಇರಲೇಬೇಕು. ಅದಕ್ಕೇ ಗೆರೆ ನಯವಾಗಿ ಕಾಣುತ್ತದೆ, ಏರಲು ಶುರುವಾದರೆ ಕೆಲವು ವಾರ ಏರುತ್ತಲೇ ಹೋದಂತೆ ಕಾಣುತ್ತದೆ. 1927ರಲ್ಲಿ ಯೆವ್ಗೆನಿ ಸ್ಲುಟ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಸರ್ಕಾರಿ ಲಾಟರಿಯಲ್ಲಿ ಎತ್ತಿದ ಅಂಕಿಗಳನ್ನು ಹತ್ತು ಹತ್ತರಂತೆ ಜರುಗಿಸುತ್ತಾ ಕೂಡಿಸಿದರು. ಬಂದ ಗೆರೆ ಅಲೆ ಅಲೆಯಾಗಿ, ಥೇಟ್ ವ್ಯಾಪಾರದ ಏರಿಳಿತದ ಗ್ರಾಫಿನ ಹಾಗೆ ಇತ್ತು. ಲಾಟರಿ ಅಂಕಿಗೆ ಯಾವ ಪ್ರಗತಿ, ಯಾವ ಹಿನ್ನಡೆ? ಒಂದು ದಾಳವನ್ನು ಹದಿನಾರು ಸಲ ಉರುಳಿಸಿ, ನಾಲ್ಕು ನಾಲ್ಕರ ಸರಾಸರಿ ಹಾಕಿ ನೋಡಿ. ಅದರಲ್ಲೂ ಒಂದು "ಏರಿಕೆ", ಒಂದು "ಕುಸಿತ" ಸಿಗುವ ಸಾಧ್ಯತೆ ಜಾಸ್ತಿ. ಮಕ್ಕಳಿಂದಲೇ ಇದನ್ನು ಮಾಡಿಸಿದರೆ ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಹೋಲಿಸುವಾಗ ಒಂದೂ ಅಂಕ ಹಂಚಿಕೊಳ್ಳದ ಗುಂಪುಗಳನ್ನು ಮಾತ್ರ ಹೋಲಿಸಿ. ನಾಲ್ಕು ವಾರದ ಸರಾಸರಿಯಾದರೆ 4, 8, 12, 16ನೇ ವಾರದ ಸಾಲುಗಳನ್ನಷ್ಟೇ ನೋಡಿ. ನಡುವಿನ ಸಾಲುಗಳು ಗ್ರಾಫಿನ ಅಂದಕ್ಕೆ ಇರಲಿ, ತೀರ್ಮಾನಕ್ಕೆ ಬೇಡ. ನಮ್ಮ ಹುಡುಗಿಯ ನಾಲ್ಕು ಸಂಖ್ಯೆಗಳು ಇವು: -1.25, -1, 0.25, 3.5.

ಹಂತ 4: ಏರಿಕೆ ದೊಡ್ಡದೋ, ಸಣ್ಣದೋ ಅಳೆಯಿರಿ

-1ರಿಂದ 0.25ಕ್ಕೆ ಹೋದದ್ದು ಏರಿಕೆಯೇ? ಕೆಲವು ಮಕ್ಕಳ ಅಂಕ ವಾರದಿಂದ ವಾರಕ್ಕೆ ಒಂದೇ ಅಂಕ ಅಲ್ಲಾಡುತ್ತದೆ. ಇನ್ನು ಕೆಲವರದ್ದು ಎಂಟು ಅಂಕ. ಮೊದಲನೆಯವರಿಗೆ ಒಂದೂಕಾಲು ಅಂಕ ಎಂದರೆ ಲೆಕ್ಕಕ್ಕೆ ತಗೊಳ್ಳಬೇಕಾದ ಸಂಗತಿ. ಎರಡನೆಯವರಿಗೆ ಅದು ಏನೂ ಅಲ್ಲ. ಹಾಗಾಗಿ ಆ ಮಗುವಿನ ಏರಿಳಿತವನ್ನೇ ಅಳತೆಗೋಲು ಮಾಡಿಕೊಳ್ಳಬೇಕು.

ಅಂತರದ ಕಾಲಂನಲ್ಲಿ ಪ್ರತಿ ವಾರ ಹಿಂದಿನ ವಾರಕ್ಕಿಂತ ಎಷ್ಟು ಜಿಗಿತ ಆಗಿದೆ ಎಂದು ಬರೆಯಿರಿ. ಮೇಲಕ್ಕೋ ಕೆಳಕ್ಕೋ ಬೇಡ, ಎಷ್ಟು ಎನ್ನುವುದು ಸಾಕು. -2ರಿಂದ 2ಕ್ಕೆ ಬಂದರೆ 4. 2ರಿಂದ -4ಕ್ಕೆ ಬಂದರೆ 6. ಹೀಗೆ 4, 6, 3, 0, 1, 3, 3, 2, 1, 2, 2, 2, 1, 3, 1. ಹದಿನೈದು ಜಿಗಿತಗಳ ಮೊತ್ತ 34. ಸರಾಸರಿ ಜಿಗಿತ ಸುಮಾರು 2.27.

ಇನ್ನು ಗಡಿ. ನಾಲ್ಕು ನಾಲ್ಕು ವಾರದ ಎರಡು ಗುಂಪುಗಳ ವ್ಯತ್ಯಾಸ, ಸರಾಸರಿ ಜಿಗಿತದ ಒಂದೂಕಾಲು ಪಟ್ಟಿಗಿಂತ ಜಾಸ್ತಿ ಇದ್ದರೆ ಅದನ್ನು ನಿಜವಾದ ಬದಲಾವಣೆ ಎಂದು ತೆಗೆದುಕೊಳ್ಳಿ. ಕಾರ್ಖಾನೆಗಳಲ್ಲಿ ಗುಣಮಟ್ಟ ನೋಡುವವರು ಜಿಗಿತದಿಂದ ಏರಿಳಿತ ಅಳೆಯುವ ವಿಧಾನವೇ ಇದು. ಸರಾಸರಿ ಜಿಗಿತವನ್ನು 1.128ರಿಂದ ಭಾಗಿಸಿದರೆ ಒಂದು ಟೆಸ್ಟಿನ ಮಾನಕ ವಿಚಲನೆಯ, ಅಂದರೆ ಅಂತರ ತನ್ನ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹೋಗುತ್ತದೆ ಎನ್ನುವುದರ, ಅಂದಾಜು ಸಿಗುತ್ತದೆ. ಅದರಿಂದ ಎರಡು ಗುಂಪುಗಳ ವ್ಯತ್ಯಾಸದ ವಿಚಲನೆ ಲೆಕ್ಕ ಹಾಕಿ ಎರಡು ಪಟ್ಟು ಮಾಡಿದಾಗ ಒಂದೂಕಾಲು ಬರುತ್ತದೆ. ಆರು ಆರು ವಾರದ ಗುಂಪಾದರೆ ಇನ್ನೂ ಸುಲಭ: ಸರಾಸರಿ ಜಿಗಿತವೇ ಗಡಿ.

ನಮ್ಮ ಲೆಕ್ಕದಲ್ಲಿ ಗಡಿ ಸುಮಾರು 2.8 ಅಂಕ. ಈಗ ಹೋಲಿಸಿ. ಮೊದಲ ಗುಂಪಿನಿಂದ ಎರಡನೆಯದಕ್ಕೆ ಕಾಲು ಅಂಕ. ಎರಡರಿಂದ ಮೂರಕ್ಕೆ ಒಂದೂಕಾಲು. ಎರಡೂ ಗಡಿಯ ಒಳಗೇ ಇವೆ, ಇದ್ದಲ್ಲೇ ಇದ್ದಾಳೆ ಎಂದೇ ಹೇಳಬೇಕು. ಮೂರರಿಂದ ನಾಲ್ಕಕ್ಕೆ 3.25. ಇದು ಗಡಿ ದಾಟಿದೆ.

ತಾಯಿಗೆ ಈ ನಾಲ್ಕು ಸಂಖ್ಯೆಗಳನ್ನು ತೋರಿಸಿ, 12ನೇ ವಾರದ ಹೊತ್ತಿಗೆ ಮನೆಯಲ್ಲಿ ಏನಾದರೂ ಬದಲಾಯಿತೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ತಪ್ಪಾದ ಲೆಕ್ಕಗಳನ್ನ ಭಾನುವಾರ ಮತ್ತೆ ಮಾಡೋಕೆ ಶುರು ಮಾಡಿದ್ದಳು. ಅಂಕ ಇಳೀತಾ ಇದೆ, ಅದನ್ನ ಬಿಟ್ಟು ಹೊಸ ಪಾಠ ಓದು ಅಂತ ಮೊನ್ನೆ ತಾನೇ ಬೈದೆ" ಎಂದರು. ಬರೀ ಅಂಕ ನೋಡಿ ಕೊಟ್ಟ ಆ ಸಲಹೆ, ಕೆಲಸ ಮಾಡುತ್ತಿದ್ದಿರಬಹುದಾದ ಒಂದೇ ಅಭ್ಯಾಸವನ್ನು ನಿಲ್ಲಿಸುವುದರಲ್ಲಿತ್ತು. ಭಾನುವಾರದ ಅಭ್ಯಾಸದಿಂದಲೇ ಏರಿತು ಎಂದು ಈ ಲೆಕ್ಕ ಸಾಬೀತು ಮಾಡುವುದಿಲ್ಲ. ಆದರೆ ನಿಲ್ಲಿಸಲು ಕಾರಣವೇ ಇಲ್ಲ ಎಂದು ಖಂಡಿತ ಹೇಳುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ

A ಕಾಲಂನಲ್ಲಿ ವಾರ, B ಅಂಕ, C ಮಧ್ಯಾಂಕ. ಮೊದಲ ವಾರ 2ನೇ ಸಾಲಿನಲ್ಲಿ ಬರಲಿ. ಈ ಸೂತ್ರಗಳನ್ನು ಕ್ರಮವಾಗಿ D2, E5, F3ರಲ್ಲಿ ಹಾಕಿ ಕೆಳಕ್ಕೆ ಎಳೆಯಿರಿ. ಕೊನೆಯದು ಗಡಿ, ಅದನ್ನು ಯಾವುದಾದರೂ ಖಾಲಿ ಕೋಶದಲ್ಲಿ ಹಾಕಬಹುದು.

```
=IF(B2="","",B2-C2)
=IF(COUNT(D2:D5)>=3,AVERAGE(D2:D5),"")
=IF(COUNT(D2:D3)=2,ABS(D3-D2),"")
=1.25*AVERAGE(F3:F17)
```

ತಪ್ಪಿಸಿಕೊಂಡ ಟೆಸ್ಟಿನ ಸಾಲಿನಲ್ಲಿ B ಖಾಲಿ ಇರಲಿ. ಉಳಿದದ್ದನ್ನು ಸೂತ್ರಗಳೇ ನೋಡಿಕೊಳ್ಳುತ್ತವೆ.

ಲೆಕ್ಕ ಎಲ್ಲಿ ಕೈಕೊಡುತ್ತದೆ

ದೊಡ್ಡ ಮಿತಿ ಒಂದಿದೆ, ಅದನ್ನು ಮುಚ್ಚಿಡಬಾರದು. ಅಂತರ ಹೇಳುವುದು ತರಗತಿಗೆ ಹೋಲಿಸಿದರೆ ಅವಳು ಎಲ್ಲಿದ್ದಾಳೆ ಎಂದು. ಇಡೀ ತರಗತಿ ಒಟ್ಟಿಗೆ ಚೆನ್ನಾಗಿ ಕಲಿಯುತ್ತಿದ್ದರೆ ಎಲ್ಲರ ಅಂತರವೂ ಇದ್ದಲ್ಲೇ ಇರುತ್ತದೆ. ಮೊದಲ ಹನ್ನೆರಡು ವಾರದಲ್ಲಿ ಮಧ್ಯಾಂಕ ಎಂಟು ಅಂಕ ಏರಿದ್ದು ಪತ್ರಿಕೆ ಸುಲಭವಾಗಿದ್ದಕ್ಕೋ, ಎಲ್ಲರೂ ಕಲಿತದ್ದಕ್ಕೋ ಎಂದು ಅಂಕಗಳಿಂದ ಮಾತ್ರ ಗೊತ್ತಾಗುವುದಿಲ್ಲ. ಇಲ್ಲಿ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ನೋಡಿದ್ದರಿಂದ, ಆ ವಾರಗಳಲ್ಲಿ ನೇರವಾಗಿ ಸೂತ್ರಕ್ಕೆ ಬೆಲೆ ಹಾಕುವ ಲೆಕ್ಕಗಳೇ ಜಾಸ್ತಿ ಇದ್ದವು ಎಂದು ಹೇಳಲು ಆಯಿತು. ಅಧ್ಯಾಪಕರಾಗಿದ್ದರೆ ನಿಮಗೆ ಇನ್ನೊಂದು ದಾರಿ ಇದೆ. ಒಂದೇ ಬಗೆಯ, ಒಂದೇ ಮಟ್ಟದ ನಾಲ್ಕೈದು ಪ್ರಶ್ನೆಗಳನ್ನು ಸಂಖ್ಯೆ ಬದಲಿಸಿ ತಿಂಗಳಿಗೊಮ್ಮೆ ಟೆಸ್ಟಿನಲ್ಲಿ ಸೇರಿಸಿ. ಅವುಗಳ ಅಂಕ ಮಾತ್ರ ಪ್ರತ್ಯೇಕವಾಗಿ ಬರೆದಿಟ್ಟರೆ ತರಗತಿಯೇ ಮುಂದೆ ಹೋಗುತ್ತಿದೆಯೋ ಇಲ್ಲವೋ ಕಾಣುತ್ತದೆ.

ಮಧ್ಯಾಂಕವೇ 45 ದಾಟಿದ ಸುಲಭ ಪತ್ರಿಕೆಯಲ್ಲಿ ಯಾರ ಅಂತರವೂ 5ಕ್ಕಿಂತ ಜಾಸ್ತಿ ಆಗಲಾರದು. ಮೇಲೆ ಜಾಗವೇ ಇಲ್ಲ. ಚೆನ್ನಾಗಿ ಓದುವ ಮಕ್ಕಳ ಗೆರೆ ಅಂಥ ವಾರಗಳಲ್ಲಿ ಸುಮ್ಮನೆ ಚಪ್ಪಟೆಯಾಗುತ್ತದೆ. ಅದನ್ನು ಹಿನ್ನಡೆ ಎಂದು ಓದಬೇಡಿ. ತರಗತಿಯಲ್ಲಿ ಏಳೆಂಟೇ ಜನರಿದ್ದರೆ ಮಧ್ಯಾಂಕವೇ ವಾರ ವಾರ ಕುಣಿಯುತ್ತದೆ. ಆಗ ಆರು ವಾರದ ಗುಂಪು ಇಟ್ಟುಕೊಳ್ಳುವುದು ಕ್ಷೇಮ. ಮಗು ಬೇರೆ ಬ್ಯಾಚಿಗೆ ಹೋದರೆ ಹಳೆಯ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿ, ಹೊಸದನ್ನು ಶುರು ಮಾಡಿ.

ಗಡಿಯ ಬಗ್ಗೆಯೂ ಒಂದು ಮಾತು. ಏನೂ ಬದಲಾಗದ ಮಗುವಿನ ಅಂಕವೂ ಇಪ್ಪತ್ತು ಹೋಲಿಕೆಗೆ ಒಂದೆರಡು ಸಲ ಗಡಿಯನ್ನು ಮೇಲಕ್ಕೋ ಕೆಳಕ್ಕೋ ದಾಟುತ್ತದೆ. ಪ್ರತಿ ವಾರ ಹೋಲಿಸುತ್ತಾ ಕೂತರೆ ಅಂಥ ಸುಳ್ಳು ಸುದ್ದಿ ಇನ್ನೂ ಬೇಗ ಸಿಗುತ್ತದೆ. ನಾಲ್ಕು ವಾರಕ್ಕೊಮ್ಮೆ ಮಾತ್ರ ನೋಡಿ ಎಂದು ಹೇಳುವುದು ಇದಕ್ಕೇ. ಯಾವ ಗುಂಪನ್ನು ಯಾವುದರ ಜೊತೆ ಹೋಲಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿರಬೇಕು. ಅಂಕ ನೋಡಿದ ಮೇಲೆ ಬೇಕಾದ ವಾರಗಳನ್ನು ಆರಿಸಿಕೊಂಡರೆ ಬೇಕಾದ ಉತ್ತರ ಬಂದೇ ಬರುತ್ತದೆ.

ತಾಯಿಗೆ ಹೊರಡುವ ಮುಂಚೆ 20ನೇ ವಾರದ ಬಗ್ಗೆಯೂ ಹೇಳಿದೆ. ಮುಂದಿನ ಹೋಲಿಕೆ ಆಗ, ಅಲ್ಲಿಯವರೆಗೆ ಬೇಡ. ಗಡಿ ದಾಟಿದ ಗುಂಪಿನಲ್ಲಿ ನಿಜವಾದ ಪ್ರಗತಿಯ ಜೊತೆ ಸ್ವಲ್ಪ ಅದೃಷ್ಟವೂ ಸೇರಿರುವುದು ಸಾಮಾನ್ಯ. ಹಾಗಾಗಿ ಮುಂದಿನ ಗುಂಪು 3.5ರಿಂದ ಎರಡೂವರೆಗೆ ಇಳಿದರೆ ಗಾಬರಿ ಬೇಡ, ಅವಳು ಹೊಸ ಮಟ್ಟದಲ್ಲೇ ನಿಂತಿದ್ದಾಳೆ ಎಂದರ್ಥ. ಸೊನ್ನೆಯ ಹತ್ತಿರಕ್ಕೆ ವಾಪಸ್ ಬಂದರೆ ಮಾತ್ರ ಪತ್ರಿಕೆಗಳನ್ನು ತೆಗೆದುಕೊಂಡು ಬನ್ನಿ, ಯಾವ ಪಾಠದಲ್ಲಿ ಹೋಯಿತು ಎಂದು ಒಟ್ಟಿಗೆ ಕೂತು ನೋಡೋಣ ಎಂದೆ. ಅವರು ಪಟ್ಟಿಯ ಕೆಳಗೆ "20ನೇ ವಾರ" ಎಂದು ಬರೆದು ಗೆರೆ ಎಳೆದುಕೊಂಡರು.